ಮೂರೂವರೆ ಅಡಿ ಎತ್ತರದ ಕಣ್ಣು

ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ವಿಧವೆಯೊಬ್ಬಳ ದುರಂತವನ್ನು ಪುಟ್ಟ ಹುಡುಗ ನಾಣಿಯ ಕಣ್ಣಲ್ಲಿ ಕಾಣಿಸುತ್ತದೆ. ಅಂಥ ದೃಶ್ಯ ಬರೆಯುವುದು ಹೇಗೆ?

ಸಾಲ ಕೇಳಲು ಒಬ್ಬಾತ ಮನೆಗೆ ಬಂದಿದ್ದಾನೆ ಎನ್ನಿ. ಆರು ವರ್ಷದ ಹುಡುಗಿ ನಿಂತರೆ ಅವಳ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ. ಕ್ಯಾಮೆರಾ ಅಲ್ಲಿಯೇ ಇರಲಿ. ಆಗ ಕಾಣುವುದು ಅವನ ಬೆಲ್ಟು, ಟೀಪಾಯಿಯ ಮೇಲೆ ಕೆನೆಗಟ್ಟುತ್ತಿರುವ ಕಾಫಿ, ಸೆರಗಿನ ತುದಿ ತಿರುಚುತ್ತಿರುವ ಅಮ್ಮನ ಬೆರಳು. ದೊಡ್ಡವರ ಮಾತು ತಲೆಯ ಮೇಲಿಂದ ತುಂಡುತುಂಡಾಗಿ ಕೇಳಿದರೆ ಸಾಕು.

“ಅಪ್ಪಾ, ನಮಗೆ ಸಾಲ ಇದೆಯಾ?” ಎಂದು ಅವಳು ಕೇಳಿದರೆ ದೃಶ್ಯ ಕೆಟ್ಟಿತು, ಅದು ಲೇಖಕನ ಪ್ರಶ್ನೆ. ಮಗು ಕಂಡದ್ದನ್ನಷ್ಟೇ ಕೇಳುತ್ತದೆ: “ಅಮ್ಮಾ, ಆ ಮಾಮ ಕಾಫಿ ಯಾಕೆ ಕುಡೀಲಿಲ್ಲ?”

ಅಮ್ಮ ಉತ್ತರ ಕೊಡದೆ ಲೋಟ ಎತ್ತಿಕೊಂಡು ಹೋಗಲಿ. ದೃಶ್ಯವನ್ನು ಅಲ್ಲಿಗೇ ನಿಲ್ಲಿಸಿ.