ಗ್ರೈಂಡರ್ ತೊಳೆಯುವ ಕ್ರಮವನ್ನು ಬರೆದಿಡುವುದು ಹೇಗೆ?

ದೋಸೆ ಹಿಟ್ಟು ರುಬ್ಬಿ ಪ್ಯಾಕೆಟ್ ಮಾಡಿ ಮಾರುವ ಸಣ್ಣ ಘಟಕಗಳು ಈಗ ಊರೂರಲ್ಲೂ ಇವೆ. ಅಂಥ ಕಡೆ ಗೋಡೆಯ ಮೇಲೆ ಆಗಾಗ ಕಾಣುವ ಒಂದು ಸಾಲು ಇದು: ‘ಕೆಲಸ ಮುಗಿದ ಮೇಲೆ ಗ್ರೈಂಡರನ್ನು ಚೆನ್ನಾಗಿ ತೊಳೆದು ಸ್ಯಾನಿಟೈಸ್ ಮಾಡಬೇಕು.’ ಓದಿದರೆ ಸರಿಯಾಗಿಯೇ ಇದೆ. ಆದರೆ ಚೆನ್ನಾಗಿ ಎಂದರೆ ಎಷ್ಟು? ಯಾವ ನೀರು, ಎಷ್ಟು ಹೊತ್ತು, ಯಾವ ಭಾಗ ಬಿಚ್ಚಬೇಕು, ಆಯಿತು ಎಂದು ಗೊತ್ತಾಗುವುದು ಹೇಗೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಹಳೆಯ ಕೆಲಸಗಾರ ಒಂದು ಬಗೆಯಲ್ಲಿ ತೊಳೆಯುತ್ತಾನೆ, ಹೊಸಬ ಇನ್ನೊಂದು ಬಗೆಯಲ್ಲಿ. ಈ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆದಿಟ್ಟ ಹಾಳೆಯೇ ಎಸ್‌ಒಪಿ, ಅಂದರೆ ಕೆಲಸದ ನಿಗದಿತ ಕ್ರಮ.

ಎಫ್‌ಎಸ್‌ಎಸ್‌ಎಐ ಪರವಾನಗಿ ಮತ್ತು ನೋಂದಣಿಯ 2011ರ ನಿಯಮಾವಳಿಯ ಶೆಡ್ಯೂಲ್ 4ರಲ್ಲಿ ಆಹಾರ ಘಟಕಗಳು ಪಾಲಿಸಬೇಕಾದ ನೈರ್ಮಲ್ಯದ ನಿಯಮಗಳಿವೆ. ನಿಮ್ಮ ಯಂತ್ರವನ್ನು ಯಾವ ಕೈ, ಯಾವ ಬ್ರಷ್ ಹಿಡಿದು ತೊಳೆಯಬೇಕು ಎಂಬುದನ್ನು ಮಾತ್ರ ನೀವೇ ಬರೆದುಕೊಳ್ಳಬೇಕು. ಅದನ್ನು ಬರೆಯುವ ಜಾಗ ಆಫೀಸಿನ ಮೇಜಲ್ಲ, ಗ್ರೈಂಡರಿನ ಪಕ್ಕ. ತೊಳೆಯುವವರು ತೊಳೆಯಲಿ, ನೀವು ಪಕ್ಕದಲ್ಲಿ ನಿಂತು ನೋಡಿ, ಒಂದೊಂದು ಕೆಲಸವನ್ನೂ ಗುರುತು ಹಾಕಿಕೊಳ್ಳಿ.

ನೋಡಬೇಕಾದ ಮೊದಲ ಸಂಗತಿ ಹಿಟ್ಟು ಎಲ್ಲಿ ಉಳಿಯುತ್ತದೆ ಎಂಬುದು. ಟಿಲ್ಟಿಂಗ್ ಗ್ರೈಂಡರಿನ ಡ್ರಮ್ಮಿನ ಒಳಗೋಡೆ ಕಣ್ಣಿಗೆ ಬೀಳುವ ಜಾಗ, ಅದನ್ನು ಎಲ್ಲರೂ ಉಜ್ಜುತ್ತಾರೆ. ಹಿಟ್ಟು ಅಂಟಿ ಒಣಗುವುದು ಬೇರೆಡೆ: ಗೋಡೆಗೆ ತಾಗಿಕೊಂಡು ಹಿಟ್ಟು ಬಳಿಯುವ ಸ್ಕ್ರೇಪರಿನ ಹಿಂಬದಿಯಲ್ಲಿ, ಅದನ್ನು ಹಿಡಿದಿಟ್ಟ ನಟ್ಟಿನ ಸುತ್ತ, ಕಲ್ಲುಗಳ ಅಕ್ಷದಲ್ಲಿ, ನಡುವಿನ ಕಂಬದ ಬುಡದಲ್ಲಿ. ಸ್ಕ್ರೇಪರ್ ಬಿಚ್ಚಿ ಬೆರಳಿನಿಂದ ಒತ್ತಿ ಎಳೆದರೆ ನಿನ್ನೆಯ ಹಿಟ್ಟು ಹುಳಿವಾಸನೆಯ ಪದರವಾಗಿ ಏಳುವುದುಂಟು. ಹಾಗಾಗಿ ‘ಗ್ರೈಂಡರ್ ತೊಳೆಯಿರಿ’ ಎಂದು ಬರೆಯುವ ಬದಲು ಈ ಭಾಗಗಳ ಹೆಸರನ್ನೇ ಬರೆಯಬೇಕು. ಕೆಲಸಗಾರರು ಯಾವ ಹೆಸರಿನಿಂದ ಕರೆಯುತ್ತಾರೋ ಅದೇ ಹೆಸರು ಹಾಳೆಯಲ್ಲೂ ಇರಲಿ.

ದೋಸೆ ಹಿಟ್ಟು ಹೇಗೂ ಹುಳಿಯಬೇಕಾದದ್ದೇ, ಹಳೆಯದು ಸ್ವಲ್ಪ ಸೇರಿದರೆ ಏನು ಎಂದು ಕೇಳುವವರಿದ್ದಾರೆ. ಹುಳಿಯುವುದು ನಮ್ಮ ಹಿಡಿತದಲ್ಲಿ ಇರಬೇಕು, ಅದೇ ಇಲ್ಲಿನ ವಿಷಯ. ಸಂದಿಯಲ್ಲಿ ಉಳಿದ ಹಿಟ್ಟು ರಾತ್ರಿಯಿಡೀ ಬೆಚ್ಚಗೆ ಕುಳಿತು ಸೂಕ್ಷ್ಮಜೀವಿಗಳನ್ನು ಬೆಳೆಸುತ್ತದೆ. ಬೆಳಗಿನ ಮೊದಲ ಸುತ್ತು ಅದನ್ನು ಹೊತ್ತು ಹೊರಡುತ್ತದೆ. ಅಕ್ಕಿಯೊಂದಿಗೆ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬಿಸಿಗೂ ಕ್ಲೋರಿನ್‌ಗೂ ಸುಲಭವಾಗಿ ಜಗ್ಗುವುದಿಲ್ಲ. ಅವುಗಳ ಮಟ್ಟಿಗೆ ಔಷಧಿಗಿಂತ ಉಜ್ಜಿ ತೆಗೆಯುವುದೇ ಮುಖ್ಯ. ಮೊದಲ ಸುತ್ತಿನ ಪ್ಯಾಕೆಟ್‌ಗಳು ಮಾತ್ರ ಉಳಿದವಕ್ಕಿಂತ ಬೇಗ ಊದಿಕೊಂಡರೆ ಅಥವಾ ಹುಳಿಯಾದರೆ, ಹಿಂದಿನ ರಾತ್ರಿಯ ತೊಳೆತವನ್ನೇ ಮೊದಲು ಅನುಮಾನಿಸಬೇಕು.

ಇನ್ನು ಕ್ರಮ. ಸಾಲು ಒಂದು: ‘ಪ್ಲಗ್ ಕಿತ್ತು, ತೊಳೆಯುವವರು ತಮ್ಮ ಕಣ್ಣೆದುರಿನ ಮೊಳೆಗೆ ತೂಗುಹಾಕಬೇಕು.’ ಸ್ವಿಚ್ ಆಫ್ ಮಾಡಿದರೆ ಸಾಲದು, ಡ್ರಮ್ಮಿನೊಳಗೆ ಕೈ ಇರುವಾಗ ಬೇರೆಯವರು ಒತ್ತಿಬಿಡಬಹುದು.

ಸಾಲು ಎರಡು: ‘ಅಂಟಿದ ಹಿಟ್ಟನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ತೆಗೆದು, ತಣ್ಣೀರಿನಲ್ಲಿ ತೊಳೆಯಬೇಕು. ಇಳಿಯುವ ನೀರು ಬೆಳ್ಳಗಿರಬಾರದು.’ ತಣ್ಣೀರು ಎಂಬ ಪದ ಇಲ್ಲಿ ಬಹಳ ಮುಖ್ಯ. ಎಷ್ಟೋ ಕಡೆ ಶುಚಿಯಾಗಲಿ ಎಂದು ಮೊದಲೇ ಕುದಿನೀರು ಸುರಿಯುತ್ತಾರೆ. ಅಕ್ಕಿಯ ಪಿಷ್ಟ ಬಿಸಿ ತಾಗಿದೊಡನೆ ಗಂಜಿಯಾಗುತ್ತದೆ, ಉದ್ದಿನ ಪ್ರೋಟೀನ್ ಗಟ್ಟಿಯಾಗುತ್ತದೆ; ಎರಡೂ ಸೇರಿ ಕಲ್ಲಿನ ರಂಧ್ರಗಳಲ್ಲಿ ಅಂಟಿಕೊಳ್ಳುತ್ತವೆ.

ಸಾಲು ಮೂರು ಡಿಟರ್ಜೆಂಟ್‌ನದು. ಈಗ ನೀರು ಕೈಗೆ ತಾಳುವಷ್ಟು ಬೆಚ್ಚಗಿರಲಿ, ಸುಮಾರು 45 ಡಿಗ್ರಿ. ಡಿಟರ್ಜೆಂಟ್ ಎಷ್ಟು ಎಂಬುದನ್ನು ಅದರ ಲೇಬಲ್ ನೋಡಿ ಮಿಲಿಲೀಟರಿನಲ್ಲೇ ಬರೆಯಿರಿ, ‘ಸ್ವಲ್ಪ’ ಎಂದಲ್ಲ. ಕಲ್ಲಿಗೆ ಗಟ್ಟಿ ನೈಲಾನ್ ಬ್ರಷ್, ನಟ್ಟಿನ ಸುತ್ತ ಸಣ್ಣ ಬ್ರಷ್. ಕಬ್ಬಿಣದ ನಾರು ಬೇಡ, ಅದರ ತುಂಡು ಹಿಟ್ಟಿಗೆ ಬೀಳುತ್ತದೆ, ಸ್ಟೀಲಿನ ಮೇಲೆ ಗೀರು ಬಿಡುತ್ತದೆ. ನೊರೆ ಪೂರ್ತಿ ಹೋಗುವವರೆಗೆ ಮತ್ತೆ ತೊಳೆಯುವುದು ಸಾಲು ನಾಲ್ಕು. ಮೋಟಾರಿನ ಕಡೆಗೆ ನೀರು ಹಾರಿಸಬಾರದು ಎಂಬುದೂ ಇಲ್ಲೇ ಬರಬೇಕು.

ಸ್ಯಾನಿಟೈಸ್ ಮಾಡುವುದು ಇದೆಲ್ಲ ಮುಗಿದ ಮೇಲೆ, ಐದನೇ ಸಾಲಿನಲ್ಲಿ. ಕೊಳೆ ಉಳಿದಿದ್ದರೆ ಕ್ಲೋರಿನ್ ಸೂಕ್ಷ್ಮಜೀವಿಗಳ ಬದಲು ಆ ಕೊಳೆಯ ಮೇಲೆಯೇ ಖರ್ಚಾಗಿಬಿಡುತ್ತದೆ. ಅಳತೆಯ ಲೆಕ್ಕ ಹೀಗೆ. ಆಹಾರ ಘಟಕಗಳಲ್ಲಿ ಬಳಸಬಹುದಾದ ಸೋಡಿಯಂ ಹೈಪೋಕ್ಲೋರೈಟ್ ಕ್ಯಾನಿನ ಮೇಲೆ 5 ಶೇಕಡಾ ಎಂದಿದೆ ಎಂದುಕೊಳ್ಳಿ. ಒಂದು ಶೇಕಡಾ ಎಂದರೆ 10,000 ಪಿಪಿಎಂ, ಐದು ಶೇಕಡಾ 50,000. ನಮಗೆ ಬೇಕಾದದ್ದು 100 ಪಿಪಿಎಂ, ಅಂದರೆ ಐನೂರು ಪಟ್ಟು ತೆಳು. ಹತ್ತು ಲೀಟರ್ ನೀರಿಗೆ 20 ಮಿಲಿಲೀಟರ್ ಸಾಕು. ಎಸ್‌ಒಪಿಯಲ್ಲಿ ಈ ಲೆಕ್ಕ ಬೇಡ. ‘ನೀಲಿ ಬಕೆಟಿನ ಗೆರೆಯವರೆಗೆ ತಣ್ಣೀರು, ಅಳತೆ ಲೋಟದಲ್ಲಿ 20 ಮಿಲಿಲೀಟರ್’ ಎಂದಿದ್ದರೆ ಯಾರೂ ತಪ್ಪುವುದಿಲ್ಲ. ಬಿಚ್ಚಿದ ಭಾಗಗಳನ್ನು ಅದರಲ್ಲಿ ಮುಳುಗಿಸಿ, ಡ್ರಮ್ಮು ಮತ್ತು ಕಲ್ಲುಗಳನ್ನು ಅದೇ ದ್ರಾವಣದಿಂದ ಐದು ನಿಮಿಷ ಒದ್ದೆಯಾಗಿಯೇ ಇಡಬೇಕು. ಆಮೇಲೆ ಕುಡಿಯುವ ನೀರಿನಲ್ಲಿ ತೊಳೆದು, ಡ್ರಮ್ ಬಾಗಿಸಿ ನೀರು ಬಸಿಯಲು ಬಿಟ್ಟು, ಗಾಳಿಗೆ ಒಣಗಿಸಬೇಕು. ರಾತ್ರಿಯಿಡೀ ದ್ರಾವಣ ನಿಂತರೆ ಸ್ಟೀಲಿನಲ್ಲಿ ಚುಕ್ಕೆ ಚುಕ್ಕೆ ಗುಳಿ ಬೀಳುತ್ತದೆ. ಬಟ್ಟೆಯಿಂದ ಒರೆಸಿದರೆ ಬಟ್ಟೆಯ ಕೊಳೆ ಮರಳಿ ಅಂಟುತ್ತದೆ.

ಹೈಪೋಕ್ಲೋರೈಟ್ ಬಿಸಿಲಿಗೂ ಸೆಕೆಗೂ ಸತ್ವ ಕಳೆದುಕೊಳ್ಳುವ ವಸ್ತು. ತಿಂಗಳುಗಟ್ಟಲೆ ಕಿಟಕಿಯ ಪಕ್ಕ ಇಟ್ಟ ಕ್ಯಾನಿನಲ್ಲಿ ಲೇಬಲಿನ ಐದು ಶೇಕಡಾ ಉಳಿದಿರುವುದಿಲ್ಲ. ಆದ್ದರಿಂದ ದ್ರಾವಣ ಪ್ರತಿದಿನ ಹೊಸದು, ಬಳಸುವ ಮುನ್ನ ಕ್ಲೋರಿನ್ ಪಟ್ಟಿ ಅದ್ದಿ ಬಣ್ಣ ನೋಡುವುದು ಕಡ್ಡಾಯ. ಆಸಿಡ್ ಇರುವ ಟಾಯ್ಲೆಟ್ ಕ್ಲೀನರಿನ ಜೊತೆ ಇದನ್ನು ಎಂದೂ ಬೆರೆಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಈ ಎಚ್ಚರಿಕೆ ದಪ್ಪಕ್ಷರದಲ್ಲಿ ಇರಲಿ.

ಕೊನೆಯ ಸಾಲು ಪರೀಕ್ಷೆಯದು, ಅದನ್ನು ತೊಳೆದವರಲ್ಲದೆ ಇನ್ನೊಬ್ಬರು ಮಾಡಬೇಕು. ಸ್ಯಾನಿಟೈಸರ್ ಹಾಕುವ ಮುನ್ನ ಟಾರ್ಚ್ ಬಿಟ್ಟು ಸ್ಕ್ರೇಪರಿನ ಹಿಂಬದಿ, ನಟ್ಟು, ಕಂಬದ ಬುಡ ನೋಡಿ; ಒಗೆದ ಬಿಳಿ ಬಟ್ಟೆಯಿಂದ ಒತ್ತಿ ಎಳೆಯಿರಿ. ಬಟ್ಟೆ ಜಿಗುಟಾದರೆ ಮೂರನೇ ಸಾಲಿಗೆ ವಾಪಸು. ಸರಿ ಇಲ್ಲದಿದ್ದರೆ ಏನು ಮಾಡಬೇಕೆಂದು ಹೇಳದ ಎಸ್‌ಒಪಿ ಅರ್ಧದಲ್ಲೇ ನಿಂತಂತೆ. ದಾಖಲೆ ಪುಸ್ತಕದಲ್ಲಿ ಹೊತ್ತು, ಪಟ್ಟಿಯಲ್ಲಿ ಕಂಡ ಪಿಪಿಎಂ, ತೊಳೆದವರ ಮತ್ತು ನೋಡಿದವರ ಸಹಿ ಇರಬೇಕು. ವಾರದ ಎಲ್ಲ ಸಹಿಗಳೂ ಒಂದೇ ಪೆನ್ನಿನಲ್ಲಿ, ಒಂದೇ ಹೊತ್ತಿಗೆ ಬಿದ್ದಂತಿದ್ದರೆ, ಪಿಪಿಎಂ ದಿನವೂ ಸರಿಯಾಗಿ ನೂರೇ ಇದ್ದರೆ ಆ ಪುಸ್ತಕ ತುಂಬಿದ್ದು ಗ್ರೈಂಡರಿನ ಪಕ್ಕದಲ್ಲಲ್ಲ.

ಬೇರೆ ಶೇಕಡಾದ ಕ್ಯಾನ್ ಬಂದ ದಿನ, ಗ್ರೈಂಡರ್ ಬದಲಾದ ದಿನ ಹಾಳೆಯೂ ಬದಲಾಗಬೇಕು. ಅದಕ್ಕೇ ಮೇಲ್ಭಾಗದಲ್ಲಿ ಆವೃತ್ತಿಯ ಸಂಖ್ಯೆ ಮತ್ತು ದಿನಾಂಕ ಬರೆಯುವುದು. ಬರೆದು ಮುಗಿದ ಮೇಲೆ ಅದನ್ನು ಹೊಸ ಕೆಲಸಗಾರರ ಕೈಗೆ ಕೊಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ನಿಲ್ಲಿ. ಅವರು ಕೈ ನಿಲ್ಲಿಸಿ ನಿಮ್ಮ ಮುಖ ನೋಡುವ ಸಾಲು ಯಾವುದೋ, ತಿದ್ದಬೇಕಾದದ್ದು ಅದೇ.