ನಾನೂರೊಂದು ಅಂಕಿ, ಒಂದೇ ಉತ್ತರ

ಪೆಟ್ರೋಲಿನ ಆಕ್ಟೇನ್ ಅಳೆಯುವ ಹಳೆಯ ಕ್ರಮ ತುಂಬ ಶ್ರಮದ್ದು. ಅದಕ್ಕೆಂದೇ ಮಾಡಿದ ಒಂಟಿ ಸಿಲಿಂಡರಿನ ಎಂಜಿನ್‌ಗೆ ಇಂಧನ ಹಾಕಿ, ಒತ್ತಡ ಏರಿಸುತ್ತ, ಎಂಜಿನ್ ಎಲ್ಲಿ ‘ನಾಕ್’ ಹೊಡೆಯುತ್ತದೆ ಎಂದು ನೋಡಬೇಕು. ಅದೇ ಪೆಟ್ರೋಲಿನ ಮೇಲೆ ಇನ್‌ಫ್ರಾರೆಡ್ ಬೆಳಕು ಬಿಟ್ಟರೆ ಯಾವ ತರಂಗವನ್ನು ಅದು ಎಷ್ಟು ಹೀರಿತು ಎನ್ನುವುದು ನಿಮಿಷದೊಳಗೆ ಗೊತ್ತಾಗುತ್ತದೆ. ಆ ಹೀರಿಕೆಯಿಂದಲೇ ಆಕ್ಟೇನ್ ಹೇಳಬಹುದೇ?

ಈ ಪ್ರಶ್ನೆಗೆ ಸಂಖ್ಯಾಶಾಸ್ತ್ರಜ್ಞರು ಮತ್ತೆ ಮತ್ತೆ ಬಳಸುವ ಒಂದು ದತ್ತಾಂಶವಿದೆ. ‘R’ ತಂತ್ರಾಂಶದ `pls` ಪ್ಯಾಕೇಜಿನಲ್ಲಿ `gasoline` ಎಂಬ ಹೆಸರಿನಲ್ಲಿ ಯಾರಿಗೂ ಸಿಗುತ್ತದೆ. ಅದರಲ್ಲಿ 60 ಪೆಟ್ರೋಲ್ ಮಾದರಿಗಳಿವೆ. ಪ್ರತಿ ಮಾದರಿಗೂ 900ರಿಂದ 1700 ನ್ಯಾನೊಮೀಟರ್‌ವರೆಗೆ, ಎರಡೆರಡು ನ್ಯಾನೊಮೀಟರ್ ಅಂತರದಲ್ಲಿ, 401 ಅಳತೆಗಳು. ಜೊತೆಗೆ ಅದರ ಆಕ್ಟೇನ್.

ಮಾದರಿ 60, ಅಳತೆ 401. ಮಾಮೂಲಿ ರಿಗ್ರೆಶನ್ ಇಲ್ಲೇ ಕೈಚೆಲ್ಲುತ್ತದೆ: ಉತ್ತರಕ್ಕೆ ಸರಿಹೊಂದುವ ಸೂತ್ರಗಳು ಅದಕ್ಕೆ ಎಣಿಕೆಯಿಲ್ಲದಷ್ಟು ಸಿಗುತ್ತವೆ. ಮಾದರಿಗಳ ಸಂಖ್ಯೆ ಹೆಚ್ಚಿದ್ದರೂ ಇನ್ನೊಂದು ತೊಡಕು ಉಳಿಯುತ್ತದೆ. 1200 ಮತ್ತು 1202 ನ್ಯಾನೊಮೀಟರಿನ ಅಳತೆಗಳು ಹೆಚ್ಚುಕಡಿಮೆ ಒಂದೇ. ಹಾಗಿದ್ದಾಗ ಮೊದಲನೆಯದನ್ನು 1ರಿಂದ ಗುಣಿಸಿ ಎರಡನೆಯದನ್ನು ಬಿಟ್ಟರೂ, ಮೊದಲನೆಯದನ್ನು 500ರಿಂದ ಗುಣಿಸಿ ಎರಡನೆಯದರ 499 ಪಟ್ಟನ್ನು ಕಳೆದರೂ ಉತ್ತರ ಒಂದೇ ಬರುತ್ತದೆ. ಆದರೆ ನಾಳೆ ಉಪಕರಣ ಒಂದು ಅಳತೆಯಲ್ಲಿ 0.001ರಷ್ಟು ತಪ್ಪಿದರೆ, ಎರಡನೆಯ ಸೂತ್ರದ ಉತ್ತರ 0.5ರಷ್ಟು ಹಾರುತ್ತದೆ. ಆಕ್ಟೇನ್‌ನಲ್ಲಿ ಅರ್ಧ ಅಂಕ ದೊಡ್ಡದೇ.

ಪ್ರಧಾನ ಘಟಕ ರಿಗ್ರೆಶನ್, ಅಂದರೆ ಪಿ.ಸಿ.ಆರ್., ಇದಕ್ಕೆ ಒಂದು ದಾರಿ. 401 ಅಳತೆಗಳೂ ಒಟ್ಟೊಟ್ಟಿಗೆ ಏರಿಳಿಯುವುದರಿಂದ ಅವುಗಳ ಹಿಂದೆ ನಿಜವಾಗಿ ಇರುವುದು ಕೆಲವೇ ಚಲನೆಗಳು. ಎಲ್ಲಕ್ಕಿಂತ ದೊಡ್ಡ ಏರಿಳಿತವನ್ನು ಹಿಡಿಯುವ ಮೊತ್ತ ಮೊದಲ ಘಟಕ, ಉಳಿದುದರಲ್ಲಿ ದೊಡ್ಡದು ಎರಡನೆಯದು. ಹೀಗೆ ನಾಲ್ಕೈದು ಘಟಕ ತೆಗೆದು, ಅವುಗಳ ಮೇಲೆ ರಿಗ್ರೆಶನ್ ಮಾಡಿದರಾಯಿತು. ಘಟಕಗಳು ಒಂದರ ಮೇಲೊಂದು ಹೊರಳುವುದಿಲ್ಲವಾದ್ದರಿಂದ 500, 499ರ ಆಟ ನಿಲ್ಲುತ್ತದೆ.

ಅದರ ಕೊರತೆಯೆಂದರೆ, ಘಟಕ ಆರಿಸುವಾಗ ಅದು ಆಕ್ಟೇನ್ ಕಡೆ ಒಮ್ಮೆಯೂ ನೋಡುವುದಿಲ್ಲ. ಬೆಳಕಿನ ಅಳತೆ ಒಟ್ಟಾರೆ ಮೇಲೆ ಕೆಳಗೆ ಸರಿದಿದ್ದರೆ ಅದೇ ದೊಡ್ಡ ಏರಿಳಿತವಾಗಿಬಿಡಬಹುದು. ಆಕ್ಟೇನ್‌ಗೆ ಬೇಕಾದ ಸುಳಿವು ಸಣ್ಣದಾಗಿ ಹಿಂದೆ ಉಳಿಯುತ್ತದೆ. ಈ 60 ಮಾದರಿಗಳಲ್ಲಿ ಆಗುವುದು ಅದೇ: ಮೊದಲ ಎರಡು ಪ್ರಧಾನ ಘಟಕಗಳು ಆಕ್ಟೇನ್ ವ್ಯತ್ಯಾಸದ ಶೇ. 20ರಷ್ಟನ್ನು ಮಾತ್ರ ವಿವರಿಸುತ್ತವೆ.

ಪಾರ್ಶಿಯಲ್ ಲೀಸ್ಟ್ ಸ್ಕ್ವೇರ್ಸ್, ಅಂದರೆ ಪಿ.ಎಲ್.ಎಸ್., ಆಕ್ಟೇನ್ ನೋಡಿಯೇ ಹೊರಡುತ್ತದೆ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಹರ್ಮನ್ ವೋಲ್ಡ್ ಇದರ ಮೂಲ ರೂಪಿಸಿದರು; ಅವರ ಮಗ, ರಸಾಯನಶಾಸ್ತ್ರಜ್ಞ ಸ್ವಾಂತೆ ವೋಲ್ಡ್ ಮತ್ತು ನಾರ್ವೆಯ ಹರಾಲ್ಡ್ ಮಾರ್ಟೆನ್ಸ್ ಇದನ್ನು ರಸಾಯನಶಾಸ್ತ್ರಕ್ಕೆ ತಂದರು. ಕ್ರಮ ಸರಳ. ಎಲ್ಲ ಅಳತೆಗಳಿಂದ ಸರಾಸರಿ ಕಳೆಯಿರಿ. ಒಂದೊಂದು ತರಂಗವೂ ಆಕ್ಟೇನ್ ಜೊತೆ ಎಷ್ಟು ಏರಿಳಿಯುತ್ತದೆ ಎಂದು ನೋಡಿ, ಅದಕ್ಕೆ ತಕ್ಕ ತೂಕ ಕೊಟ್ಟು ಕೂಡಿಸಿ. ಅದು ಮೊದಲ ಘಟಕ. ಅದು ವಿವರಿಸಿದ ಭಾಗವನ್ನು ಅಳತೆಗಳಿಂದ ತೆಗೆದು, ಉಳಿದುದರ ಮೇಲೆ ಇದನ್ನೇ ಮತ್ತೆ ಮಾಡಿ. ಎರಡೇ ಘಟಕಕ್ಕೆ ಶೇ. 95ರಷ್ಟು ವ್ಯತ್ಯಾಸ ಸಿಕ್ಕುತ್ತದೆ.

ಹಾಗೆಂದು ಪಿ.ಎಲ್.ಎಸ್. ಯಾವಾಗಲೂ ಮೇಲು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇನ್ನೊಂದೆರಡು ಘಟಕ ಸೇರಿಸಿಕೊಂಡರೆ ಪಿ.ಸಿ.ಆರ್. ಕೂಡ ಇಲ್ಲಿ ಸರಿಸಮಕ್ಕೆ ಬರುತ್ತದೆ. ಉತ್ತರ ನೋಡಿಕೊಂಡು ಘಟಕ ಕಟ್ಟುವುದರಿಂದ ಪಿ.ಎಲ್.ಎಸ್.ಗೆ ಬೇರೊಂದು ಅಪಾಯವೂ ಇದೆ: ಘಟಕ ಹೆಚ್ಚಿಸುತ್ತ ಹೋದಂತೆ ಅದು ಉಪಕರಣದ ಗದ್ದಲವನ್ನೇ ಆಕ್ಟೇನ್ ಎಂದು ಕಲಿಯುತ್ತದೆ. ಪಕ್ಕಪಕ್ಕದ ತರಂಗಗಳ ಗುಣಕಗಳು ನಯವಾಗಿ ಬಾಗುವ ಬದಲು ಗರಗಸದ ಹಲ್ಲಿನಂತೆ ಏರಿಳಿದರೆ ಆ ಹಂತ ಬಂದಿದೆ ಎಂದು ತಿಳಿಯಬೇಕು.

ಎಷ್ಟು ಘಟಕ ಸಾಕು? ಒಂದು ಮಾದರಿಯನ್ನು ಹೊರಗಿಟ್ಟು ಉಳಿದವುಗಳಿಂದ ಸೂತ್ರ ಕಟ್ಟಿ, ಹೊರಗಿಟ್ಟದ್ದನ್ನು ಊಹಿಸುವುದು. ಎಲ್ಲ ಮಾದರಿಗೂ ಹೀಗೆ ಮಾಡುವುದು. 50 ಮಾದರಿಗಳ ಮೇಲೆ ಮಾಡಿದಾಗ, ಬರೀ ಸರಾಸರಿ ಹೇಳಿದರೆ ತಪ್ಪು ಸುಮಾರು 1.5 ಅಂಕ, ಒಂದು ಘಟಕಕ್ಕೆ 1.4, ಎರಡಕ್ಕೆ 0.3. ಆಮೇಲೆ ಇಳಿಕೆ ಬಲು ಸಣ್ಣದು. ಎರಡರಲ್ಲೇ ನಿಲ್ಲಬಹುದು. ಆದರೆ ಈ ಪರೀಕ್ಷೆಗೆ ಮುಂಚೆಯೇ ಎಲ್ಲ ಮಾದರಿಗಳ ಆಕ್ಟೇನ್ ನೋಡಿ ‘ಒಳ್ಳೆಯ’ ತರಂಗಗಳನ್ನು ಆರಿಸಿದ್ದರೆ ಈ ಅಂಕಿಗಳಿಗೆ ಬೆಲೆಯಿಲ್ಲ. ಒಂದೇ ಪೆಟ್ರೋಲನ್ನು ಮೂರು ಸಲ ಅಳೆದಿದ್ದರೆ ಮೂರನ್ನೂ ಒಟ್ಟಿಗೇ ಹೊರಗಿಡಬೇಕು.

ಇನ್ನೊಂದು ಮಿತಿ ನಮಗೆ ಹತ್ತಿರದ್ದು. 39 ಮಾದರಿಗಳ ಬೇರೊಂದು ಪ್ರಸಿದ್ಧ ಆಕ್ಟೇನ್ ದತ್ತಾಂಶದಲ್ಲಿ ಆರಕ್ಕೆ ಆಲ್ಕೋಹಾಲ್ ಬೆರೆತಿದೆ. ಅವುಗಳ ಬೆಳಕಿನ ರೇಖೆಯೇ ಬೇರೆ. ಈಗ ನಮ್ಮ ಬಂಕ್‌ಗಳ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಇಲ್ಲದ ಮಾದರಿಗಳಿಂದ ಕಟ್ಟಿದ ಸೂತ್ರಕ್ಕೆ ಇದನ್ನು ಕೊಟ್ಟರೂ ಅದು ಒಂದು ಅಂಕಿಯನ್ನು ಹೇಳಿಯೇ ಹೇಳುತ್ತದೆ, ಎಚ್ಚರಿಕೆ ಕೊಡುವುದಿಲ್ಲ. ಅದಕ್ಕೇ ಒಳ್ಳೆಯ ಪ್ರಯೋಗಾಲಯದಲ್ಲಿ ಘಟಕಗಳಿಂದ ಬೆಳಕಿನ ರೇಖೆಯನ್ನು ಮತ್ತೆ ಕಟ್ಟಿ, ನಿಜವಾದ ರೇಖೆಯಿಂದ ಕಳೆದು ನೋಡುತ್ತಾರೆ. ಉಳಿದದ್ದು ಎಂದಿಗಿಂತ ಹೆಚ್ಚಾದರೆ ಆ ಅಂಕಿಯನ್ನು ಬದಿಗಿಟ್ಟು, ಮಾದರಿಯನ್ನು ಎಂಜಿನ್ ಪರೀಕ್ಷೆಗೆ ಕಳಿಸುತ್ತಾರೆ.