ಬೇರಿನ ಬಣ್ಣ ನೋಡಿ ನೀರು ಹಾಕಿ

ಫೆಲನಾಪ್ಸಿಸ್ ಆರ್ಕಿಡ್‌ನ ಬೇರು ಬೆಳ್ಳಿಯಂತೆ ಬಿಳಚಿಕೊಂಡರೆ ಗಾಬರಿ ಬೇಡ. ಬೇರಿನ ಮೇಲಿನ ಸ್ಪಂಜಿನಂಥ ಪದರ ಒಣಗಿ ಗಾಳಿ ತುಂಬಿಕೊಂಡಾಗ ಹಾಗೆ ಕಾಣುತ್ತದೆ; ನೀರು ಬಿದ್ದೊಡನೆ ಹಸಿರಾಗುತ್ತದೆ. ಆದರೆ ಬೇರು ಕಂದಾಗಿ, ಹಿಸುಕಿದರೆ ಸಿಪ್ಪೆ ಜಾರಿ ನಾರು ಮಾತ್ರ ಉಳಿದರೆ ಅದು ಕೊಳೆತಿದೆ ಎಂದೇ ಅರ್ಥ. ಆಗಲೂ ಎಲೆ ಬಾಡುವುದರಿಂದ ಬಾಯಾರಿಕೆಯೆಂದು ಇನ್ನಷ್ಟು ನೀರು ಸುರಿಯುತ್ತೇವೆ. ಗಿಡಕ್ಕೆ ಮುಳುವಾಗುವುದು ಇದೇ.

ಕೊಳೆತ ಬೇರನ್ನು ಶುಚಿಯಾದ ಕತ್ತರಿಯಿಂದ ತೆಗೆದು ಹೊಸ ತೊಗಟೆ ಚೂರುಗಳಲ್ಲಿ ನೆಡಿ. ಹೊಸ ತೊಗಟೆ ನೀರು ಹಿಡಿಯದು. ಒಂದು ರಾತ್ರಿ ನೆನೆಸಿಟ್ಟು ಬಳಸಿ, ಮೊದಮೊದಲು ತುಸು ಬೇಗಬೇಗ ನೀರು ಕೊಡಿ. ಸುಮಾರು 2 ವರ್ಷದಲ್ಲಿ ಅದು ಪುಡಿಯಾಗಿ ತೇವ ಕಟ್ಟಿಕೊಳ್ಳುತ್ತದೆ, ಹಳೆಯ ಲೆಕ್ಕವೇ ಅತಿಯಾಗುತ್ತದೆ. ವಾರ ಎಣಿಸಬೇಡಿ. ಪಾರದರ್ಶಕ ಕುಂಡದೊಳಗಿನ ಬೇರು ಬೆಳ್ಳಿಯಾದ ಮೇಲೆ, ತಳದಿಂದ ಹರಿದುಹೋಗುವಷ್ಟು ನೀರು ಹಾಕಿ.